ಕರೆಂಟ್ ಬಂದ ಹೊತ್ತು

"ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿಬಿಡಿ ಸಿಸ್ಟರ್. ನೀರು ಕಟ್ಟಿ ಬಂದಿದೀನಿ, ಮಡಿ ತುಂಬಿ ಬದು ಒಡೆದುಬಿಡ್ತದೆ."

ರಂಗಪ್ಪ ಬೆಂಚಿನ ಮೇಲೆ ಕೂರಲಿಲ್ಲ. ಟವೆಲ್ಲಿನಿಂದ ಎಡದವಡೆಯನ್ನು ಒತ್ತಿ ಹಿಡಿದು ಉಪಕೇಂದ್ರದ ಬಾಗಿಲಿಗೆ ಒರಗಿ ನಿಂತಿದ್ದ. ಬೈಕ್ ಹೊರಗಿತ್ತು. ಹಿಂದೆ ಕೂತು ಬಂದಿದ್ದ ಗೌರಮ್ಮ, ಅವನು ಹೇಳುವ ಮೊದಲೇ ಹೇಳಿದಳು: "ಹಲ್ಲುನೋವು ಸಿಸ್ಟರ್. ದವಡೆಹಲ್ಲು ಕೀಳಿಸಿ ಮೂರು ವಾರ ಆಯ್ತು, ಆದ್ರೂ ಹೋಗಿಲ್ಲ. ಈಗ ತೋಳಿಗೂ ಇಳಿದದೆ."

ಶಾರದಾ ಟಾರ್ಚ್ ಹಿಡಿದು ಬಾಯಿ ನೋಡಿದಳು. ಕಿತ್ತ ಜಾಗ ಕೂಡಿಕೊಂಡಿತ್ತು. ಕೆಂಪಿಲ್ಲ, ಊತವಿಲ್ಲ, ಕೀವಿಲ್ಲ. ಪಕ್ಕದ ಹಲ್ಲುಗಳನ್ನು ಚಮಚದ ಹಿಡಿಯಿಂದ ಒಂದೊಂದಾಗಿ ತಟ್ಟಿದಳು. ಅವನು ಮುಖ ಹಿಂಡಲಿಲ್ಲ. ದವಡೆಯ ಮೂಳೆ ಒತ್ತಿದಳು, ಭುಜ ಒತ್ತಿದಳು, ತೋಳನ್ನು ಮೇಲೆತ್ತಿಸಿ ತಿರುಗಿಸಿದಳು. ಎಲ್ಲಿ ಮುಟ್ಟಿದರೂ ನೋವು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

"ಎಲ್ಲಿ ಅಂತ ಒಂದು ಬೆರಳಿಟ್ಟು ತೋರಿಸಿ ಅಣ್ಣ."

ಅವನಿಗೆ ಒಂದು ಬೆರಳಿನಲ್ಲಿ ತೋರಿಸಲು ಆಗಲಿಲ್ಲ. ಅಂಗೈಯನ್ನು ಕಿವಿಯ ಕೆಳಗಿಂದ ಕತ್ತಿಗೆ, ಕತ್ತಿನಿಂದ ತೋಳಿನ ಒಳಬದಿಗೆ ಸವರಿದ. "ಹಿಂಗೆ... ಇಷ್ಟೂ. ಹಿಂಡಿದಂಗೆ."

ಹಲ್ಲು ಕೆಟ್ಟವರು ಯಾವ ಹಲ್ಲು ಅಂತ ಸಾಮಾನ್ಯವಾಗಿ ತೋರಿಸುತ್ತಾರೆ. ಮೂಳೆ, ಸ್ನಾಯು ನೊಂದರೆ ಒತ್ತಿದ ಕಡೆ ಚುರ್ ಅನ್ನುತ್ತದೆ. ಇದು ಎರಡೂ ಆಗಿರಲಿಲ್ಲ. ಶಾರದಾ ಅವನ ಮಣಿಕಟ್ಟು ಹಿಡಿದಾಗ ಬೆರಳಿಗೆ ತಣ್ಣನೆಯ ಬೆವರು ಹತ್ತಿತು. ಬೆಳಗಿನ ಚಳಿಗೆ ಗೌರಮ್ಮ ಸೆರಗು ಹೊದ್ದು ನಿಂತಿದ್ದಳು, ಇವನ ಅಂಗಿ ಬೆನ್ನಿಗೆ ಅಂಟಿತ್ತು.

"ಈ ಮೂರು ವಾರದಲ್ಲಿ ನೋವು ಯಾವಾಗ್ಯಾವಾಗ ಬರ್ತಿತ್ತು?"

"ಮೂಟೆ ಹೊತ್ಕೊಂಡು ದಿಣ್ಣೆ ಹತ್ತುವಾಗ."

"ಊಟ ಮಾಡುವಾಗ? ಅಗಿಯುವಾಗ?"

ರಂಗಪ್ಪ ಯೋಚಿಸಿದ. ಅದನ್ನು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು. "ಇಲ್ಲ. ಊಟಕ್ಕೇನೂ ತೊಂದರೆ ಇಲ್ಲ."

"ದಿಣ್ಣೆ ಹತ್ತಿ ಕೂತ ಮೇಲೆ?"

"ಐದು ನಿಮಿಷಕ್ಕೆ ಹೋಗ್ತಿತ್ತು. ಇವತ್ತು ಕೂತ್ರೂ ಬಿಡಲಿಲ್ಲ."

ಶಾರದಾಳ ಹೊಟ್ಟೆಯೊಳಗೆ ಏನೋ ಬಿಗಿಯಿತು. ಹಲ್ಲಿಗೆ ದಿಣ್ಣೆ ಯಾವುದು, ಬಯಲು ಯಾವುದು? ಹತ್ತುವಾಗ ಬಂದು ಕೂತಾಗ ಹೋಗುವ ನೋವು ರಕ್ತ ಸಾಲದ ಹೃದಯದ್ದು. ಹೃದಯದ ನರಗಳೂ ತೋಳಿನ ನರಗಳೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುವುದರಿಂದ, ಒಳಗಿನ ನೋವನ್ನು ಮಿದುಳು ತೋಳಿನದೆಂದು ಓದುತ್ತದೆ. ದವಡೆಗೂ ಅದು ಹಾಗೆಯೇ ಏರುತ್ತದೆ. ತರಬೇತಿಯಲ್ಲಿ ಬರೆದುಕೊಂಡದ್ದು ಅದು. ಅದು ಹೀಗೆ ಟವೆಲ್ ಒತ್ತಿಕೊಂಡು, ಬೈಕ್ ಓಡಿಸಿಕೊಂಡು ಬರಬಹುದೆಂದು ಪುಸ್ತಕದಲ್ಲಿರಲಿಲ್ಲ.

"ಎದೆ ನೋವಿದೆಯಾ ಅಣ್ಣ?"

"ಎದೆಗೇನೂ ಆಗಿಲ್ಲ ಸಿಸ್ಟರ್. ಎದೆ ಗಟ್ಟಿ ಇದೆ."

ಅವಳು ಸಕ್ಕರೆ ಕಾಯಿಲೆಯ ರಿಜಿಸ್ಟರ್ ತೆರೆದಳು. ರಂಗಪ್ಪ, 54 ವರ್ಷ, ಆರು ವರ್ಷದಿಂದ ಮಾತ್ರೆ, ಮಧ್ಯೆ ಮಧ್ಯೆ ಬಿಟ್ಟದ್ದೂ ಇತ್ತು. ಸಕ್ಕರೆ ನರಗಳನ್ನು ಮಂಕು ಮಾಡುತ್ತದೆ. ಇಂಥವರಿಗೆ ಎದೆ ನೋಯದೆಯೇ ಹಾರ್ಟ್ ಅಟ್ಯಾಕ್ ಆಗಬಹುದು. ರಿಜಿಸ್ಟರ್ ಮುಚ್ಚಿ ಅವಳು ಕುರ್ಚಿ ಎಳೆದಳು.

"ಕೂತ್ಕೊಳ್ಳಿ. ಇನ್ನು ನೀವು ಏಳೋ ಹಂಗಿಲ್ಲ. ಬೈಕ್ ಕೀ ನನಗೆ ಕೊಡಿ."

"ಇಂಜೆಕ್ಷನ್ನು?"

"ನೋವಿನ ಇಂಜೆಕ್ಷನ್ ಕೊಡಲ್ಲ ಅಣ್ಣ. ಇದು ಹಲ್ಲಿನದಲ್ಲ, ಹೃದಯದ್ದು ಅಂತ ನನಗೆ ಅನ್ನಿಸ್ತಿದೆ. ಇಸಿಜಿ ತೆಗೆಯಬೇಕು. ಇಲ್ಲಿಲ್ಲ, ದೊಡ್ಡಾಸ್ಪತ್ರೆಗೆ ಹೋಗಬೇಕು, ಈಗಲೇ."

ಗೌರಮ್ಮ ಗೋಡೆ ಹಿಡಿದುಕೊಂಡಳು. ರಂಗಪ್ಪ ಮಾತ್ರ ಕೀ ಕೊಡದೆ ಜೇಬು ಮುಚ್ಚಿದ. "ನೀರು ಹರೀತಾ ಇದೆ ಸಿಸ್ಟರ್. ಮೋಟರ್ ಆರಿಸಿ ನಾನೇ ಹೋಗ್ತೀನಿ."

ಹೆದರಿಸಿದರೆ ಅವನು ಎದ್ದು ಹೋಗಿಬಿಡುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಎದುರು ಮನೆಯ ಹುಡುಗನನ್ನು ಕೂಗಿ ಕರೆದಳು. "ಅಣ್ಣನ ತೋಟಕ್ಕೆ ಹೋಗಿ ಮೋಟರ್ ಆಫ್ ಮಾಡಿ ಬಾ." ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೀ ಎಲ್ಲಿ ಸಿಕ್ಕಿಸಿದೆ ಅಂತ ರಂಗಪ್ಪನ ಬಾಯಿಂದಲೇ ಹೇಳಿಸಿದಳು. ಹುಡುಗ ಓಡಿದ ಮೇಲೆ ಅವನ ಭುಜ ಸಡಿಲಾಯಿತು. ಬೈಕ್ ಕೀ ಬೆಂಚಿನ ಮೇಲೆ ಬಂತು.

ಆಂಬುಲೆನ್ಸಿಗೂ ವೈದ್ಯಾಧಿಕಾರಿಗೂ ಫೋನ್ ಮಾಡಿದಳು. ಬಿಪಿ 150/90, ನಾಡಿ 96. ಡಾಕ್ಟರು ಕೇಳಿದ್ದನ್ನು ರಂಗಪ್ಪನಿಗೆ ಕೇಳಿದಳು: ಆಸ್ಪಿರಿನ್ ಯಾವತ್ತಾದರೂ ಒಗ್ಗಿಲ್ಲವೇ, ಹೊಟ್ಟೆಯ ಹುಣ್ಣು, ಕಪ್ಪು ಮಲ, ಈಚೆಗೆ ಎಲ್ಲಾದರೂ ರಕ್ತ ಹೋದದ್ದು? ಯಾವುದೂ ಇರಲಿಲ್ಲ. ಡಾಕ್ಟರು ಹೇಳಿದಂತೆ ಆಸ್ಪಿರಿನ್ 325 ಮಿಲಿಗ್ರಾಂ ಮಾತ್ರೆ ಕೊಟ್ಟು, "ನುಂಗಬೇಡಿ, ಅಗಿದು ತಿನ್ನಿ" ಅಂದಳು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಕಹಿಗೆ ಅವನು ಮುಖ ಕಿವುಚಿದ.

"ನೋವು ಶುರುವಾದದ್ದು ಎಷ್ಟು ಗಂಟೆಗೆ?" ಫೋನಿನಲ್ಲಿ ಡಾಕ್ಟರು ಕೇಳಿದರು.

"ಬೆಳಗ್ಗೆ" ಅಂದ ರಂಗಪ್ಪ.

ಅಷ್ಟು ಸಾಲದು. ಹೆಪ್ಪು ಕರಗಿಸುವ ಔಷಧಿ ಮೊದಲ ಗಂಟೆಗಳಲ್ಲಿ ಮಾಡುವ ಕೆಲಸವನ್ನು ಆಮೇಲೆ ಮಾಡುವುದಿಲ್ಲ, ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಅದನ್ನು ಕೊಡುವುದೇ ಇಲ್ಲ. ಕೈಗಡಿಯಾರ ಕಟ್ಟದ ಮನುಷ್ಯನಿಂದ ಗಂಟೆ ತೆಗೆಯಬೇಕಿತ್ತು.

"ತ್ರೀ ಫೇಸ್ ಬಂದ ಮೇಲೋ, ಮೊದಲೋ?"

"ಮೇಲೆ. ಆರಕ್ಕೆ ಕರೆಂಟ್ ಬಂತು, ಮೋಟರ್ ಹಾಕಿದೆ. ಎರಡನೇ ಮಡಿಗೆ ನೀರು ತಿರುಗಿಸೋಕೆ ಗುದ್ದಲಿ ಎತ್ತಿದಾಗ ಹಿಡೀತು."

"ಒಂದು ಮಡಿ ತುಂಬೋಕೆ ಎಷ್ಟು ಹೊತ್ತು?"

"ಅರ್ಧ ಗಂಟೆ."

ಶಾರದಾ ಚೀಟಿಯಲ್ಲಿ ಬರೆದಳು: ನೋವು ಶುರು 6.30. ಅದರ ಕೆಳಗೆ ಬಿಪಿ, ನಾಡಿ, ಆಸ್ಪಿರಿನ್ ಕೊಟ್ಟದ್ದು 7.55, ಸಕ್ಕರೆ ಕಾಯಿಲೆ, ಹಲ್ಲು ಕಿತ್ತು ಮೂರು ವಾರ, ಗಾಯ ಕೂಡಿದೆ. ಕೊನೆಯ ಸಾಲು ಬೇಕೋ ಬೇಡವೋ ಅಂತ ಒಂದು ಕ್ಷಣ ಪೆನ್ನು ನಿಂತಿತು, ನೋಡಿದ್ದನ್ನೆಲ್ಲ ಬರೆಯುವುದೇ ಸರಿ ಅಂತ ಬರೆದಳು. ಆಂಬುಲೆನ್ಸ್ ಬಂದಾಗ ರಂಗಪ್ಪ ನಡೆದೇ ಹತ್ತುತ್ತೇನೆ ಅಂದ. ಅವಳು ಬಿಡಲಿಲ್ಲ, ಸ್ಟ್ರೆಚರ್ ಒಳಗೇ ತರಿಸಿದಳು. ಚೀಟಿಯನ್ನು ಗೌರಮ್ಮನ ಕೈಗಿಟ್ಟು, "ಡಾಕ್ಟರ ಕೈಗೇ ಕೊಡಬೇಕು" ಅಂದಳು.

ಒಂಬತ್ತೂಕಾಲಿಗೆ ಆಸ್ಪತ್ರೆಯಿಂದ ಫೋನ್ ಬಂತು. ಇಸಿಜಿಯಲ್ಲಿ ಅಟ್ಯಾಕ್ ಸ್ಪಷ್ಟವಾಗಿತ್ತು.

"ಹೆಪ್ಪು ಕರಗಿಸೋ ಔಷಧಿ ಕೊಡಬೇಕು, ಎಲ್ಲೂ ರಕ್ತ ಸೋರಬಾರದು. ಹಲ್ಲು ಕಿತ್ತ ಜಾಗ ನೀವೇ ನೋಡಿದ್ದಾ?"

"ನಾನೇ ಟಾರ್ಚ್ ಹಾಕಿ ನೋಡಿದೀನಿ ಡಾಕ್ಟ್ರೇ. ಪೂರ್ತಿ ಕೂಡಿದೆ."

"ಇಲ್ಲೂ ನೋಡಿದ್ವಿ, ಹಾಗೇ ಇದೆ. ಸಿರಿಂಜ್ ತುಂಬಿಸ್ತಿದೀವಿ."

ಫೋನ್ ಇಟ್ಟ ಮೇಲೆ ಶಾರದಾ ಅದೇ ರಿಜಿಸ್ಟರನ್ನು ಮತ್ತೆ ತೆರೆದಳು. ಎರಡು ಪುಟ ಹಿಂದೆ ಅವಳದೇ ಕೈಬರಹವಿತ್ತು: ಸಿದ್ದಮ್ಮ, 61, ಸಕ್ಕರೆ, ನಡೆದರೆ ಬೆನ್ನು ಹಿಡಿಯುತ್ತದೆ ಅನ್ನುತ್ತಾರೆ. ಬಿಪಿ ಯಂತ್ರವನ್ನು ಚೀಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿದು, ಅವಳು ಸಿದ್ದಮ್ಮನ ಮನೆಯ ದಾರಿ ಹಿಡಿದಳು.