ಮಾಮಾನನ್ನು ರೈಲು ಹತ್ತಿಸಲು ಹೋದ ಕಥೆ

ಗೆಳೆಯರೇ,

ಮೊನ್ನೆ ರವಿವಾರ ನಾನೇಕೆ ಬರಲಿಲ್ಲವೆಂದು ಎಲ್ಲರೂ ಕೇಳುತ್ತಿದ್ದೀರಿ. ಎದುರಿಗೆ ಕುಳಿತಿದ್ದರೆ ಎದ್ದು ನಿಂತು, ಮಾಮಾ ಓಡಿದ ರೀತಿಯನ್ನು ಓಡಿಯೇ ತೋರಿಸುತ್ತಿದ್ದೆ. ಇಲ್ಲಿ ಅಕ್ಷರಗಳನ್ನಷ್ಟೇ ಓಡಿಸಬೇಕಾಗಿರುವುದರಿಂದ ಸ್ವಲ್ಪ ಸಾವಕಾಶವಾಗಿ ಓದಿರಿ.

ನಮ್ಮ ಸೋದರಮಾವನಿಗೆ 71 ವರ್ಷ, ಇರುವುದು ಗದಗಿನಲ್ಲಿ. ಎರಡು ದಿನ ನಮ್ಮ ಮನೆಯಲ್ಲಿದ್ದು ಹೊರಟಿದ್ದರು. ಹುಬ್ಬಳ್ಳಿ ನಿಲ್ದಾಣದಲ್ಲಿ ಅವರಿಗೆ ಗದಗಿನ ಟಿಕೆಟ್, ನನಗೆ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ಎರಡನ್ನೂ ಕಳೆದುಹೋಗಬಾರದೆಂದು ನನ್ನ ಕಿಸೆಯಲ್ಲೇ ಇಟ್ಟುಕೊಂಡೆ. ಈ ಜಾಣತನ ನಿಮ್ಮ ನೆನಪಿನಲ್ಲಿರಲಿ.

ಚೀಲಗಳು ಎರಡು. ಒಂದರಲ್ಲಿ ಬಟ್ಟೆ, ಮನೆಯ ಕೀಲಿ ಮತ್ತು ಮಾಮಾರ ಫೋನು. ಇನ್ನೊಂದರಲ್ಲಿ ಅವ್ವ ಹಳೆಯ ಧೋತರದಲ್ಲಿ ಕಟ್ಟಿಕೊಟ್ಟ ಇಪ್ಪತ್ತೈದು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ನಾನು ಡಬ್ಬಿಯ ಒಳಗೆ ಹೋಗಿ, ರೊಟ್ಟಿಯ ಗಂಟು ಮುರಿಯದಂತೆ ಸೀಟಿನ ಕೆಳಗೆ ಹೇಗೆ ಹೊಂದಿಸುವುದೆಂದು ಮೊಣಕಾಲೂರಿ ವಿಚಾರ ಮಾಡುತ್ತಿದ್ದಾಗ, ಮಾಮಾ ಬಾಟಲಿಗೆ ನೀರು ತುಂಬಿಸಿಕೊಂಡು ಬರಲು ಕೆಳಗಿಳಿದರು. ಗಾಡಿ ಹೊರಟಿತು.

ನಮ್ಮೂರಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ, ಜಗತ್ತಿನಲ್ಲೇ ಉದ್ದವಾದದ್ದು ಎಂದು 2023ರಿಂದ ನಾವೆಲ್ಲ ಎದೆಯುಬ್ಬಿಸಿ ಹೇಳುತ್ತ ಬಂದಿದ್ದೇವೆ. ಬೇರೆ ಊರಿನಲ್ಲಾಗಿದ್ದರೆ ಪ್ಲಾಟ್‌ಫಾರ್ಮ್ ಬೇಗ ಮುಗಿದು ಮಾನವಾದರೂ ಉಳಿಯುತ್ತಿತ್ತು. ಇಲ್ಲಿ ಅದು ಮುಗಿಯಲೇ ಇಲ್ಲ. ಬಾಗಿಲಲ್ಲಿ ನಿಂತವರು ನನ್ನನ್ನು ಇಳಿಯಗೊಡಲಿಲ್ಲ. ಕೆಳಗೆ ಮಾಮಾ ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ಬಾಟಲಿ ಹಿಡಿದು, ನೀರು ಚೆಲ್ಲಬಾರದೆಂದು ಬಾಯಿಗೆ ಹೆಬ್ಬೆರಳು ಒತ್ತಿ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ಗತಿಯಲ್ಲಿ ಬಹಳ ಹೊತ್ತು ನನ್ನ ಜೊತೆಗೇ ಬಂದರು. ಒಬ್ಬ ಹೆಣ್ಣುಮಗಳು ಕಿಟಕಿಯಿಂದ ನೋಡಿ, “ಪಾಪ, ಮಗನ್ನ ಕಳಿಸಾಕ ಎಷ್ಟ ಸಂಕಟ ಪಡಾಕತ್ತಾರ ನೋಡ್ರಿ” ಎಂದು ಮರುಗಿದರು.

ಹೀಗೆ ಕಳಿಸಲು ಹೋದವನು ಊರು ಬಿಟ್ಟೆ, ಹೋಗಬೇಕಾದವರು ಊರಲ್ಲುಳಿದರು. ಟಿಕೆಟ್ ಎರಡೂ ನನ್ನ ಹತ್ತಿರವೇ ಇದ್ದುದರಿಂದ ರೈಲಿನಲ್ಲಿ ನಾನು ಒಬ್ಬ ಮರ್ಯಾದಸ್ಥ ಪ್ರಯಾಣಿಕನಾಗಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಮಾಮಾರ ಬಳಿ ಮಾತ್ರ ನಿಲ್ಲುವುದಕ್ಕೂ ಟಿಕೆಟ್ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲದೊಳಗೆ ಫೋನು ಬಾರಿಸಿತು. ಮಾಮಾ ಯಾರದೋ ಫೋನು ಇಸಿದುಕೊಂಡು, ತಮಗೆ ಬಾಯಿಪಾಠವಿದ್ದ ಒಂದೇ ನಂಬರಿಗೆ, ಅಂದರೆ ತಮ್ಮದೇ ನಂಬರಿಗೆ, ಹಚ್ಚಿದ್ದರು. ನಾನು ಎತ್ತಿದ ಕೂಡಲೇ, “ಯಾರಪಾ ನೀ?” ಎಂದು ಜಬರಿಸಿದರು. ಗುರುತು ಹೇಳಿ, ಅಣ್ಣಿಗೇರಿಯಲ್ಲಿ ಇಳಿಯುವೆನೆಂದೆ. ಅವರು ಕೊಟ್ಟ ಉತ್ತರ “ಬರ್ತೀನಿ”. ಗಾಡಿಯ ಸದ್ದಿನಲ್ಲಿ ನನಗೆ ಕೇಳಿಸಿದ್ದು “ಬರ್ತೀ ನೀ?” ಬರೆಯುವಾಗ ನಡುವೆ ಜಾಗ ಬಿಟ್ಟು ತೋರಿಸಬಹುದು, ಪ್ರಶ್ನೆಯ ಚಿಹ್ನೆಯನ್ನೂ ಹಾಕಬಹುದು, ಫೋನಿನಲ್ಲಿ ಆ ಸವಲತ್ತು ಇರಲಿಲ್ಲ. ನಾನೂ ವಿಧೇಯನಾಗಿ “ಬರ್ತೀನಿ” ಎಂದೆ. ಹಿರಿಯರಿಗೆ ಏಕವಚನದಲ್ಲಿ “ಬರ್ತೀ ನೀ?” ಎಂದು ಕೇಳುವಷ್ಟು ಅಳಿಯ ಸೊಕ್ಕಿದ್ದಾನೆಂದು ಸಿಟ್ಟಾಗಿ ಅವರು ಫೋನಿಟ್ಟರು.

ನಾನು ಅಣ್ಣಿಗೇರಿಯಲ್ಲಿ ಇಳಿದು, ಎರಡೂ ಚೀಲ ಹೊತ್ತು ಬಸ್ ಹಿಡಿದು ಹುಬ್ಬಳ್ಳಿಗೆ ಬಂದೆ. ಮಾಮಾ ಹುಬ್ಬಳ್ಳಿಯಿಂದ ಬಸ್ ಹಿಡಿದು ಅಣ್ಣಿಗೇರಿಗೆ ಹೋದರು. ನಲವಡಿಯ ಆಚೀಚೆ ಎಲ್ಲೋ ನಮ್ಮ ಬಸ್ಸುಗಳು ಒಂದನ್ನೊಂದು ದಾಟಿರಬೇಕು. ಆಗ ನಾನು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ.

ನಿಲ್ದಾಣದಲ್ಲಿ ಮಾಮಾರನ್ನು ಹುಡುಕುತ್ತಿದ್ದಾಗ ಅವರ ಫೋನು ಮತ್ತೆ ಬಾರಿಸಿತು. ಈ ಸಲ ಅಣ್ಣಿಗೇರಿಯ ಯಾರದೋ ನಂಬರು.

“ತಮ್ಮಾ, ಎಲ್ಲಿದ್ದೀ?”

“ಹುಬ್ಬಳ್ಳ್ಯಾಗ, ಮಾಮಾ. ನೀವು?”

ಬಹಳ ಹೊತ್ತು ಮಾತಿಲ್ಲ. ಆಮೇಲೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: “ನಾ ಗದಗಿಗೆ ಹೊಂಟೇನಿ. ಕೀಲಿ ನಿನ್ನ ಹತ್ರ ಐತಿ. ನೀ ಬಾ. ನಾ ಬರೂದಿಲ್ಲ. ತಿಳೀತೇನು?”

ತಿಳಿಯಿತು. ಮತ್ತೆ ಬಸ್ ಹತ್ತಿ, ಕತ್ತಲಾದ ಮೇಲೆ ಗದಗ ಮುಟ್ಟಿದೆ. ಮಾಮಾ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಅದೇ ಬಾಟಲಿ, ಒಂದು ಹನಿಯೂ ಚೆಲ್ಲದೆ. ಗಂಟು ಬಿಚ್ಚಿದರೆ ಇಪ್ಪತ್ತೈದು ರೊಟ್ಟಿಗಳೂ ಪುಡಿಯಾಗಿದ್ದವು. ಇಬ್ಬರೂ ಅದರ ಮೇಲೆ ಮೊಸರು ಸುರಿದು, ಚಟ್ನಿ ಕಲಸಿ, ಚಮಚೆಯಿಂದ ಉಂಡೆವು.

ಮರುದಿನ ಮುಂಜಾನೆ ಅವರು ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದರು. ಚೀಲವನ್ನು ಒಳಗೆ ಬಂದು ಇಟ್ಟುಕೊಡುತ್ತೇನೆಂದು ಮೆಟ್ಟಿಲ ಮೇಲೆ ಕಾಲಿಟ್ಟರು. ನಾನು ಅವರ ಕೈ ಹಿಡಿದು ಕೆಳಗಿಳಿಸಿ, ಚೀಲವನ್ನು ಕಿಟಕಿಯಿಂದ ಕೊಡಲು ಹೇಳಿದೆ.