ಅಪ್ಪೆಮಿಡಿ ಲೇಬಲ್ ಮೇಲಕ್ಕೆ ಬರಲಿ

ಚೈತ್ರಾ ಅವರೇ, ನಮಸ್ಕಾರ. ನಿಮ್ಮ ಡಿಸೈನ್ ಪೋರ್ಟ್‌ಫೋಲಿಯೋದ ಲಿಂಕ್ ಕಳಿಸಿ "ಮುಲಾಜಿಲ್ಲದೆ ಹೇಳಿ" ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಾನು ಡಿಸೈನರ್ ಅಲ್ಲ. ಬೆಂಗಳೂರಿನ ಒಂದು ಪ್ರೆಸ್‌ನಲ್ಲಿ ಪ್ರಿ-ಪ್ರೆಸ್ ಕೆಲಸ ನನ್ನದು. ಫೈಲು ಪ್ಲೇಟಿಗೆ ಹೋಗುವ ಮುಂಚೆ ಅದನ್ನು ಕೊನೆಯದಾಗಿ ನೋಡುವವನು ಅಂದುಕೊಳ್ಳಿ.

ಶಿರಸಿಯ ಉಪ್ಪಿನಕಾಯಿ ಲೇಬಲ್ ನೋಡಿ ಖುಷಿಯಾಯಿತು. "ಅಪ್ಪೆಮಿಡಿ" ಎಂಬುದನ್ನು ಕೈಯಲ್ಲೇ ಬರೆದು, ಆ ಪ್ಪೆ ಒತ್ತನ್ನು ಗೊಂಚಲಿನಿಂದ ಜೋತುಬಿದ್ದ ಮಿಡಿಯ ಹಾಗೆ ಇಳಿಬಿಟ್ಟಿದ್ದೀರಲ್ಲ, ಅದು ಯಾವ ಫಾಂಟಿನಲ್ಲೂ ಸಿಗುವುದಿಲ್ಲ. ಒತ್ತಕ್ಷರ ಬಂದರೆ ಜಾಗ ಸಾಲದು ಅಂತ ಗೊಣಗುವವರೇ ಹೆಚ್ಚು. ನೀವು ಅದನ್ನೇ ಅಲಂಕಾರ ಮಾಡಿಕೊಂಡಿದ್ದೀರಿ. ಇಷ್ಟು ಒಳ್ಳೆಯ ಕೆಲಸ ಹದಿನೇಳನೆಯ ಚಿತ್ರವಾಗಿ ಕೆಳಗೆ ಬಿದ್ದಿರುವುದೇ ನನ್ನ ಮುಖ್ಯ ತಕರಾರು. ಅಲ್ಲಿಯವರೆಗೆ ಗಿರಾಕಿ ಸ್ಕ್ರಾಲ್ ಮಾಡುವುದು ಅನುಮಾನ. ಮೊದಲಿಗೆ ಅವನ ಕಣ್ಣಿಗೆ ಬೀಳುವುದು ಸಾಲಾಗಿ ಮದುವೆ ಕರೆಯೋಲೆಗಳು, ಎಲ್ಲದರಲ್ಲೂ ಬಾಳೆಕಂಬ, ಗಣಪತಿ, ಚಿನ್ನದ ಬಣ್ಣದ ಬಾರ್ಡರ್. ಕೆಟ್ಟದಾಗೇನೂ ಇಲ್ಲ. ಆದರೆ ನಿಮ್ಮದೇ ಅನ್ನಿಸುವಂಥದ್ದೂ ಅವುಗಳಲ್ಲಿಲ್ಲ. ಒಂದನ್ನು ಉಳಿಸಿ, ಮಿಕ್ಕವನ್ನು ತೆಗೆದುಬಿಡಿ.

ಇನ್ನು ಅದೇ ಲೇಬಲ್‌ನ ಹಿಂಬದಿ. ಝೂಮ್ ಮಾಡಿ ನೋಡಿದೆ. ಪದಾರ್ಥಗಳ ಪಟ್ಟಿಯಲ್ಲಿ "ಉಪ್ಪು" ಹೋಗಿ "ಉಪ್‌ಪು" ಆಗಿದೆ, "ಎಣ್ಣೆ" ಹೋಗಿ "ಎಣ್‌ಣೆ" ಆಗಿದೆ. ಟೈಪಿಂಗ್ ತಪ್ಪಲ್ಲ ಇದು. ಯೂನಿಕೋಡ್ ಅಕ್ಷರಗಳನ್ನು ಇಲ್ಲಸ್ಟ್ರೇಟರ್‌ಗೆ ಪೇಸ್ಟ್ ಮಾಡಿದಾಗ ಅದರಲ್ಲಿ ಅಕ್ಷರ ಜೋಡಿಸುವ ಕಂಪೋಸರ್ ಬದಲಿಸದಿದ್ದರೆ ಒತ್ತುಗಳು ಹೀಗೆ ಬಿಡಿಸಿಕೊಂಡು ಕೂರುತ್ತವೆ. Preferences ಒಳಗೆ Type ಹತ್ತಿರ `Show Indic Options` ಟಿಕ್ ಮಾಡಿ, ಆಮೇಲೆ Paragraph ಪ್ಯಾನೆಲ್ಲಿನ ಮೆನುವಿನಲ್ಲಿ `South Asian` ಎಂದಿರುವ ಕಂಪೋಸರ್ ಆರಿಸಿ. ಸರಿಹೋಗುತ್ತದೆ. ಇದಕ್ಕೆ ಹೆದರಿ ಹಳೆಯ ನುಡಿ ಫಾಂಟಿಗೆ ಮರಳಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡವೇ ಕಾಣುವುದಿಲ್ಲ. ಮುಂಬದಿಯಲ್ಲೂ ಒಂದು ತೊಂದರೆಯಿದೆ: ಎರಡನೆಯ ಸಾಲಿನ "ಉಪ್ಪಿನಕಾಯಿ"ಯ ಒತ್ತು ಕೆಳಗಿನ ವಿಳಾಸದ ತಲೆಗೆ ತಾಗುತ್ತಿದೆ. ಸಾಲಿನ ಅಂತರವನ್ನು ಆಟೋದಲ್ಲಿ ಬಿಟ್ಟಿದ್ದೀರಿ, ಅಂದರೆ 120%. ಅದು ಇಂಗ್ಲಿಷಿಗೆ ಸಾಕು. ಮೇಲೆ ಗುಡಿಸು, ಕೆಳಗೆ ಒತ್ತು ಇರುವ ನಮ್ಮ ಲಿಪಿಗೆ 140ರಿಂದ 150% ಇಟ್ಟು ನೋಡಿ.

ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಎಲ್ಲೂ ಕಾಣಲಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆಗೂ ಜಾಗ ಬಿಟ್ಟಿಲ್ಲ. ಪೋರ್ಟ್‌ಫೋಲಿಯೋಗೆಂದು ಬೇಕಂತಲೇ ತೆಗೆದಿರಬಹುದು. ಆದರೂ ಆಹಾರದ ವ್ಯಾಪಾರ ಮಾಡುವವರು ನಿಮಗೆ ಈ ಕೆಲಸ ಗೊತ್ತೋ ಇಲ್ಲವೋ ಎಂದು ಅಳೆಯುವುದು ಇಂಥ ಕಡೆಯೇ.

ಹುಬ್ಬಳ್ಳಿ ಕೆಫೆಯ ಬೋರ್ಡ್ ಅಂದವಾಗಿದೆ, ಆದರೆ ಇಂಗ್ಲಿಷ್ ಹೆಸರು ದೊಡ್ಡದಾಗಿ, ಕನ್ನಡ ಕೆಳಗೆ ಮೂಲೆಯಲ್ಲಿದೆ. ನಾಮಫಲಕದಲ್ಲಿ 60% ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯೇ ಆಗಿದೆ. ದಂಡ ಕಟ್ಟುವವರು ನಿಮ್ಮ ಗಿರಾಕಿ, ಬೈಸಿಕೊಳ್ಳುವವರು ನೀವು. ಅದಕ್ಕಿಂತಲೂ ದೊಡ್ಡ ಬೇಸರವೆಂದರೆ, ಕನ್ನಡವನ್ನು ಅಷ್ಟು ಚೆಂದ ಬರೆಯುವವರು ಅದನ್ನು ಮೂಲೆಗೆ ತಳ್ಳಿರುವುದು. ಅಲ್ಲಿ ಬಳಸಿರುವುದು ಬಾಲೂ ತಮ್ಮ ತಾನೇ? ಒಳ್ಳೆಯ ಫಾಂಟೇ. ಆದರೆ ನಿಮ್ಮ ಬೇಕರಿ, ಟ್ಯೂಷನ್ ಸೆಂಟರ್, ಕ್ಲಿನಿಕ್ ಮೂರಕ್ಕೂ ಅದೇ ಇದೆ.

ಮಾಕಪ್‌ಗಳ ಬಗ್ಗೆ ಒಂದೇ ಮಾತು: ಆ ಬಿಳಿ ಅಮೃತಶಿಲೆಯ ಮೇಜು, ಅದ್ಯಾವುದೋ ವಿದೇಶಿ ಎಲೆ ಬೇಡ. ಎಣ್ಣೆ ಜಿಡ್ಡಿನ ಬರಣಿಯ ಮೇಲೆ ನಿಮ್ಮ ಲೇಬಲ್ ಅಂಟಿರುವ ಫೋಟೋ, ಮೊಬೈಲಿನಲ್ಲಿ ತೆಗೆದದ್ದಾದರೂ ಸರಿ, ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಪಕ್ಕದಲ್ಲಿ ಪೆನ್ಸಿಲ್ ಸ್ಕೆಚ್ ಹಾಕಿ. ಗಿರಾಕಿ ಏನು ಕೇಳಿದರು, ನೀವು ಏನು ಮಾಡಿದಿರಿ ಅಂತ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ.

ಮತ್ತೆ ಆ "ಅತಿ ಕಡಿಮೆ ದರದಲ್ಲಿ" ಎಂಬ ಮೊದಲ ಸಾಲು! ದಯವಿಟ್ಟು ಅಳಿಸಿ. ಅದನ್ನು ಓದಿ ಬರುವವರು ಇನ್ನೂ ಕಡಿಮೆ ಕೇಳಲೆಂದೇ ಬರುತ್ತಾರೆ. ಕೈಬರಹದ ಶೀರ್ಷಿಕೆಗೆ ಬೇರೆ ದರ, ಫಾಂಟಿನ ಕೆಲಸಕ್ಕೆ ಬೇರೆ ದರ ಎಂದು ಇಟ್ಟುಕೊಳ್ಳಿ. ಪುಸ್ತಕದ ಮುಖಪುಟಕ್ಕೆ ಇಂಥ ಅಕ್ಷರ ಬೇಕೆಂದು ಪ್ರಕಾಶಕರು ನಮ್ಮಲ್ಲಿಗೂ ಬಂದು ವಿಚಾರಿಸುವುದುಂಟು. ಇವನ್ನೆಲ್ಲ ಸರಿಮಾಡಿದ ಮೇಲೆ ಲಿಂಕ್ ಕಳಿಸಿ, ಅವರಿಗೆ ತೋರಿಸುತ್ತೇನೆ.

ಅಂದಹಾಗೆ, ಲೇಬಲ್ ಆಗಲೇ ಅಚ್ಚಿಗೆ ಹೋಗಿದೆಯೇ? ಹೋಗಿದ್ದರೆ ಈಗಲೇ ಪ್ರೆಸ್‌ನವರಿಗೆ ಫೋನ್ ಮಾಡಿ ಹಿಂಬದಿಯನ್ನು ತಡೆಹಿಡಿಸಿ. ಒತ್ತು ಸರಿಮಾಡಿದ ಪಿಡಿಎಫ್ ನನಗೆ ಕಳಿಸಿದರೆ ಒಮ್ಮೆ ಕಣ್ಣಾಡಿಸಿ ಕೊಡುತ್ತೇನೆ.