ದೊಡ್ಡಪ್ಪನ ವಿಲ್‌ನ ಸಾರ: ಯಾರಿಗೆ ಏನು, ಯಾವ ಷರತ್ತಿನ ಮೇಲೆ

ದೊಡ್ಡಮ್ಮ, ಅಣ್ಣ, ಅಕ್ಕ, ತಮ್ಮ, ನಾಲ್ವರಿಗೂ ಸೇರಿಸಿ ಬರೆದಿದ್ದೇನೆ. ದೊಡ್ಡಮ್ಮನಿಗೆ ಯಾರಾದರೂ ಒಬ್ಬರು ನಿಧಾನವಾಗಿ ಓದಿ ಹೇಳಿ.

ದೊಡ್ಡಪ್ಪ 14-6-2019ರಂದು ಬರೆಸಿ ಗುಬ್ಬಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ವಿಲ್ ಒಂಬತ್ತು ಪುಟ ಇದೆ. ಅದರಲ್ಲಿ ಅರ್ಧ ಚೆಕ್ಕುಬಂದಿಯೇ. ಓದಿದವರಿಗೆ ತಲೆ ಕೆಡುತ್ತದೆ ಅಂತ ಈ ಸಾರ. ಇದು ವಿಲ್ ಅಲ್ಲ, ಇದಕ್ಕೆ ಯಾರೂ ಸಹಿ ಹಾಕಬೇಕಿಲ್ಲ. ಇಲ್ಲಿಗೂ ಮೂಲಕ್ಕೂ ಎಲ್ಲಾದರೂ ವ್ಯತ್ಯಾಸ ಕಂಡರೆ ಮೂಲವೇ ಸರಿ. 2011ರಲ್ಲಿ ಅವರು ಇನ್ನೊಂದು ವಿಲ್ ಬರೆಸಿದ್ದರು. ಅದನ್ನು ರದ್ದು ಮಾಡಿದ್ದೇನೆ ಎಂದು ಇದರ ಎರಡನೇ ಪುಟದಲ್ಲೇ ಹೇಳಿದ್ದಾರೆ, ಆದ್ದರಿಂದ ಹಳೆಯದರ ಮಾತು ಇನ್ನು ಬೇಡ. ಜಾರಿ ಮಾಡುವ ಹೊಣೆ ನನಗೆ ವಹಿಸಿದ್ದಾರೆ. ನನ್ನ ಹೆಸರಿಗೆ ಒಂದು ಗುಂಟೆಯೂ ಇಲ್ಲ, ಅದು ಒಳ್ಳೆಯದೇ ಆಯಿತು.

ಮೊದಲು ಸಾಲ. ವ್ಯವಸಾಯ ಸೇವಾ ಸಹಕಾರ ಸಂಘದ ಬೆಳೆ ಸಾಲ 1,20,000 ರೂಪಾಯಿ ಬಾಕಿ ಇದೆ. ಉಳಿತಾಯ ಖಾತೆಯಿಂದ ಇದನ್ನು ತೀರಿಸಿದ ಮೇಲೆಯೇ ಉಳಿದದ್ದನ್ನು ಹಂಚಬೇಕು ಎಂದು ಬರೆದಿದ್ದಾರೆ. ಬರೆಯದಿದ್ದರೂ ಕಾನೂನು ಹಾಗೆಯೇ ಹೇಳುತ್ತದೆ, ಸತ್ತವರ ಸಾಲ ಕಳೆದು ಉಳಿದದ್ದೇ ಆಸ್ತಿ.

ತುಮಕೂರಿನ ಬಟವಾಡಿ ಮನೆ

ಮೂವತ್ತು ನಲವತ್ತರ ಸೈಟಿನ ಈ ಮನೆ ದೊಡ್ಡಪ್ಪ 1991ರಲ್ಲಿ ಸ್ವಂತ ಸಂಬಳದಲ್ಲಿ ಕಟ್ಟಿದ್ದು. ದೊಡ್ಡಮ್ಮ ಇರುವವರೆಗೂ ಇಲ್ಲೇ ಇರಬಹುದು, ಕೆಳಗಿನ ಮನೆಯ ಬಾಡಿಗೆ ಪೂರ್ತಿ ಅವರಿಗೆ. ಆದರೆ ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ, ಯಾರಿಗೂ ದಾನಪತ್ರ ಮಾಡುವ ಹಾಗಿಲ್ಲ. ಅವರ ನಂತರ ಮನೆ ತಮ್ಮನಿಗೆ. ಅಷ್ಟರೊಳಗೆ ತಮ್ಮನಿಗೇ ಏನಾದರೂ ಆದರೆ (ಹಾಗಾಗದಿರಲಿ) ಅವನ ಮಕ್ಕಳಿಗೆ ಸಮಪಾಲು.

ತಮ್ಮ ಇದನ್ನು ಗಮನಿಸಬೇಕು: ಮನೆ ಇವತ್ತೇ ನಿನ್ನದಾಗಿಲ್ಲ. ಕಂದಾಯ ಕಟ್ಟುವುದು, ಸೋರುವ ಚಾವಣಿ ರಿಪೇರಿ ಮಾಡಿಸುವುದು ಮಾತ್ರ ಇವತ್ತಿನಿಂದಲೇ ನಿನ್ನ ಮೇಲೆ ಬಿದ್ದಿದೆ. ದೊಡ್ಡಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಈ ಮನೆ ಪೂರ್ತಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ, ಅವರು ಒಪ್ಪಬೇಕು, ಆ ಬಾಡಿಗೆಯೂ ಅವರಿಗೇ ಸೇರಬೇಕು. ಇನ್ನೊಂದು ವಿಷಯ ಮುಚ್ಚಿಡಬಾರದು. ಹೆಂಡತಿಯ ಜೀವನಾಂಶಕ್ಕೆಂದು ಕೊಟ್ಟ ಇಂಥ ಸೀಮಿತ ಹಕ್ಕು ಪೂರ್ಣ ಹಕ್ಕೇ ಆಗುತ್ತದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹಿಡಿದು ಬಹಳ ಕೇಸುಗಳು ನಡೆದಿವೆ. ದೊಡ್ಡಮ್ಮನನ್ನು ಚೆನ್ನಾಗಿ ನೋಡಿಕೊಂಡರೆ ಆ ವಾದಕ್ಕೆ ಯಾರೂ ಕೈ ಹಾಕುವುದಿಲ್ಲ.

ನಿಟ್ಟೂರು ಹೋಬಳಿಯ ತೋಟ

ಜಗಳ ಆಗುವುದಿದ್ದರೆ ಇಲ್ಲೇ ಆಗುವುದು, ಹಾಗಾಗಿ ವಿವರವಾಗಿ ಬರೆಯುತ್ತೇನೆ. ತೆಂಗು, ಅಡಿಕೆ ಸೇರಿ ಒಟ್ಟು 3 ಎಕರೆ 20 ಗುಂಟೆ. 1996ರಲ್ಲಿ ಕ್ರಯಕ್ಕೆ ತೆಗೆದುಕೊಂಡ ಸ್ವಯಾರ್ಜಿತ. ಪಶ್ಚಿಮದ 2 ಎಕರೆ ಅಣ್ಣನಿಗೆ, ಪೂರ್ವದ 1 ಎಕರೆ 20 ಗುಂಟೆ ಅಕ್ಕನಿಗೆ.

ಕೊಳವೆಬಾವಿ ಅಣ್ಣನ ಭಾಗದಲ್ಲಿದೆ. ನೀರು ಇಬ್ಬರಿಗೂ ಉಂಟು: ವಾರದಲ್ಲಿ ನಾಲ್ಕು ದಿನ ಅಣ್ಣನಿಗೆ, ಮೂರು ದಿನ ಅಕ್ಕನಿಗೆ. ಮೋಟರ್ ಸುಟ್ಟರೆ, ಪೈಪ್ ಎತ್ತಿಸಿದರೆ ಖರ್ಚು ಅದೇ ನಾಲ್ಕು-ಮೂರರ ಲೆಕ್ಕದಲ್ಲಿ. ಅಕ್ಕನ ಪೈಪ್‌ಲೈನ್ ಅಣ್ಣನ ಬದುವಿನ ಮೇಲೆ ಹಾಯ್ದು ಹೋಗಲು ಅಡ್ಡಿ ಮಾಡಬಾರದು ಎಂದೂ ಇದೆ. ಬಾವಿ ಬತ್ತಿದರೆ ಹೊಸದು ಕೊರೆಸುವುದು ಯಾರು ಎಂದು ದೊಡ್ಡಪ್ಪ ಬರೆದಿಲ್ಲ. ನಮ್ಮ ಕಡೆ ಬಾವಿಗಳು ಬತ್ತುವುದೇನು ಹೊಸದಲ್ಲ, ಆದ್ದರಿಂದ ಇಬ್ಬರೂ ಈಗಲೇ ಕೂತು ಒಂದು ಒಪ್ಪಂದ ಬರೆದುಕೊಂಡರೆ ಒಳ್ಳೆಯದು.

ಅಣ್ಣನ ಎರಡು ಎಕರೆಗೆ ಒಂದು ಷರತ್ತು: ದೊಡ್ಡಮ್ಮ ಇರುವವರೆಗೂ ಪ್ರತಿ ವರ್ಷ ದೀಪಾವಳಿಯೊಳಗೆ 40,000 ರೂಪಾಯಿ ಅವರ ಖಾತೆಗೆ ಹಾಕಬೇಕು. ಕೊಬ್ಬರಿ ರೇಟು ಬಿದ್ದ ವರ್ಷವೂ ಅಷ್ಟೇ. ಕೈಯಲ್ಲಿ ಕೊಟ್ಟೆ ಎನ್ನುವುದು ಬೇಡ, ಖಾತೆಗೇ ಹಾಕಬೇಕು ಎಂದು ಅವರೇ ಬರೆಸಿದ್ದಾರೆ. ಅಕ್ಕನ ಭಾಗದ ಷರತ್ತು ಬೇರೆ: ಮಾರುವುದಾದರೆ ಮೊದಲು ಅಣ್ಣನಿಗೆ ಲಿಖಿತವಾಗಿ ತಿಳಿಸಬೇಕು. ಆಗಿನ ಮಾರುಕಟ್ಟೆ ಬೆಲೆಗೆ ಮೂರು ತಿಂಗಳೊಳಗೆ ಅವನು ಕೊಳ್ಳದಿದ್ದರೆ ಯಾರಿಗೆ ಬೇಕಾದರೂ ಮಾರಬಹುದು. ಕಡಿಮೆ ಬೆಲೆಗೆ ಕೊಡಬೇಕೆಂದು ಎಲ್ಲೂ ಇಲ್ಲ. ತವರಿನ ಮುಲಾಜಿಗೆ ಅಕ್ಕ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾದ ಪ್ರಮೇಯವೂ ಇಲ್ಲ.

ತೋಟದ ಮನೆಯಲ್ಲಿರುವ ನಮ್ಮ ಹಳೆಯ ಆಳು ಮತ್ತು ಅವನ ಹೆಂಡತಿ ಬದುಕಿರುವವರೆಗೂ ಅಲ್ಲೇ ಇರಬಹುದು, ಬಾಡಿಗೆ ಕೇಳಬಾರದು. ಆ ಜಾಗ ಅವರ ಮಕ್ಕಳಿಗೆ ಮುಂದುವರಿಯುವುದಿಲ್ಲ.

ಪಿತ್ರಾರ್ಜಿತ ರಾಗಿ ಹೊಲ

1 ಎಕರೆ 30 ಗುಂಟೆಯ ಈ ಹೊಲ 1988ರ ಅಣ್ಣತಮ್ಮಂದಿರ ಪಾರಿಕತ್ತಿನಲ್ಲಿ ದೊಡ್ಡಪ್ಪನಿಗೆ ಬಂದದ್ದು. ಪಕ್ಕದ್ದು ನಮ್ಮಪ್ಪನ ಪಾಲಿಗೆ ಬಂತು. ವಿಲ್‌ನಲ್ಲಿ 'ಇದರಲ್ಲಿ ನನಗಿರುವ ಹಿಸ್ಸೆಯನ್ನು ಹಿರಿಯ ಮಗನಿಗೆ' ಎಂದಿದೆ. ಹಿಸ್ಸೆಯನ್ನು ಮಾತ್ರ, ಇಡೀ ಹೊಲವನ್ನಲ್ಲ. ಅಜ್ಜನಿಂದ ಬಂದ ಜಮೀನಿನಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕು. ಮದುವೆಯಾಗಿದೆ, ತಿಪಟೂರಿಗೆ ಕೊಟ್ಟಿದ್ದೇವೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪಹಣಿ ಪೂರ್ತಿ ಅಣ್ಣನ ಹೆಸರಿಗೆ ಆಗುವುದಿಲ್ಲ. ಅಕ್ಕ, ತಮ್ಮ ಇಬ್ಬರ ಪಾಲೂ ಅದರಲ್ಲಿ ಉಳಿದಿದೆ. ಈ ಒಂದು ಹೊಲದ ಪಾಲುಪಟ್ಟಿಯನ್ನು ವಕೀಲರ ಮುಂದೆ ಮಾಡೋಣ.

ಹಣ, ಒಡವೆ, ಉಳಿದದ್ದು

6 ಲಕ್ಷದ ನಿಶ್ಚಿತ ಠೇವಣಿ ಅಕ್ಕನಿಗೆ, ಯಾವ ಷರತ್ತೂ ಇಲ್ಲ. ಬ್ಯಾಂಕಿನಲ್ಲಿ ನಾಮಿನಿ ತಮ್ಮನ ಹೆಸರಿದೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವನು, ಹಣದ ಒಡೆಯನಲ್ಲ. ತಮ್ಮ ಅದನ್ನು ತೆಗೆದುಕೊಂಡು ಅಕ್ಕನಿಗೆ ಒಪ್ಪಿಸಬೇಕು.

ಗುಬ್ಬಿಯ ಖಾಲಿ ನಿವೇಶನ ತಮ್ಮನಿಗೆ ಎಂದು ಬರೆದಿದ್ದರು. ಆದರೆ 2022ರಲ್ಲಿ ಅದನ್ನು ಅವರೇ ಮಾರಿದರು. ಸಾಯುವಾಗ ಇಲ್ಲದ ಆಸ್ತಿಯನ್ನು ವಿಲ್ ಕೊಡಲಾಗದು, ಅದರ ಬದಲಿಗೆ ಇನ್ನೊಂದನ್ನು ಕೇಳಲೂ ಬರುವುದಿಲ್ಲ. ಆ ದುಡ್ಡಿನಲ್ಲಿ ದೊಡ್ಡಮ್ಮನ ಮಂಡಿ ಆಪರೇಷನ್ ಆಯಿತು, ಮಿಕ್ಕಿದ್ದು ಉಳಿತಾಯ ಖಾತೆಗೆ ಹೋಯಿತು. ತಮ್ಮನಿಗೆ ಇದರಿಂದ ಬೇಸರ ಆಗುವುದು ಸಹಜ. ದೊಡ್ಡಪ್ಪ ವಿಲ್ ತಿದ್ದಿಸಬೇಕಿತ್ತು, ತಿದ್ದಿಸಲಿಲ್ಲ.

ದೊಡ್ಡಮ್ಮನ ಮೈಮೇಲಿನ ಒಡವೆ ಅವರದೇ ಸ್ತ್ರೀಧನ. ವಿಲ್ ಅದನ್ನು ಮುಟ್ಟಿಲ್ಲ, ನಾವೂ ಮುಟ್ಟುವುದು ಬೇಡ. ಸಾಲ ತೀರಿಸಿ ಖಾತೆಯಲ್ಲಿ ಉಳಿಯುವ ಹಣ, ಹಸು, ಸ್ಕೂಟರ್, ವಿಲ್‌ನಲ್ಲಿ ಹೆಸರಿಸದ ಬೇರೇನೇ ಇದ್ದರೂ ದೊಡ್ಡಮ್ಮನಿಗೆ. ಅದು ಪೂರ್ಣ ಹಕ್ಕು, ಇಷ್ಟ ಬಂದವರಿಗೆ ಕೊಡಬಹುದು.

ಮುಂದಿನ ಕೆಲಸ

ನೋಂದಣಿಯಾಗಿದೆ ಎಂದ ಮಾತ್ರಕ್ಕೆ ವಿಲ್ ಪ್ರಶ್ನಾತೀತವಾಗುವುದಿಲ್ಲ, ಯಾರಾದರೂ ತಕರಾರು ಎತ್ತಿದರೆ ಸಾಕ್ಷಿ ಬೇಕು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ಊರಲ್ಲೇ ಗಟ್ಟಿಯಾಗಿದ್ದಾರೆ, ಒಬ್ಬರ ಹೇಳಿಕೆ ಸಾಕು. ತೋಟದ ಹಕ್ಕು ಬದಲಾವಣೆಯನ್ನು ಕಂದಾಯ ಇಲಾಖೆಗೆ ಮೂರು ತಿಂಗಳೊಳಗೆ ತಿಳಿಸಬೇಕು, ಆದ್ದರಿಂದ ಮರಣ ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ ನಾಡಕಚೇರಿಗೆ ಹೋಗೋಣ. ಪೋಡಿ ಆಗುವವರೆಗೆ ತೋಟದ ಪಹಣಿಯಲ್ಲಿ ಅಣ್ಣ, ಅಕ್ಕ ಇಬ್ಬರ ಹೆಸರೂ ಜಂಟಿಯಾಗಿ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಅಣ್ಣ 1996ರ ಕ್ರಯಪತ್ರ ಮತ್ತು ಇತ್ತೀಚಿನ ಪಹಣಿ ತರಲಿ, ಅಕ್ಕ ಠೇವಣಿ ರಸೀದಿ, ತಮ್ಮ ಬಟವಾಡಿ ಮನೆಯ ಖಾತೆ ಮತ್ತು ಕಂದಾಯದ ರಸೀದಿ. ಎಲ್ಲರೂ ಆಧಾರ್ ತರಬೇಕು. ಮೂಲ ವಿಲ್ ನನ್ನ ಹತ್ತಿರವೇ ಇರುತ್ತದೆ. ದೃಢೀಕೃತ ನಕಲಿಗೆ ಅರ್ಜಿ ಹಾಕಿದ್ದೇನೆ, ಬಂದ ತಕ್ಷಣ ನಾಲ್ವರಿಗೂ ಒಂದೊಂದು ಕೊಡುತ್ತೇನೆ.